25 ರೂಪಾಯಿ ಅಷ್ಟ ಅಲ್ಲೇನು?

ಹೋದ ತಿಂಗಳು ಒಂದು ಬುಧವಾರ ಮಧ್ಯಾಹ್ನ ಊಟಾ ಮುಗಿಸಿ, ಮಾಳಗಿ ಮ್ಯಾಲ ಒಣಗಲಿಕ್ಕೆ ಹಾಕಿದ್ದ ಸಂಡಗಿ ತಿರುವಿ ಹಾಕಿ ಕೆಳಗ ಬಂದೆ. ಫೋನ್ ನೋಡಿದ್ರ ಗದಗಿನ ವೈನಿ ವಾಟ್ಸಾಪಿನ್ಯಾಗ ಒಂದು ಫೋಟೋ ಕಳಿಸಿದ್ರು. ಅವರು ನೋಡ್ತಿದ್ದ ಪೇಜಿಂದು ಸ್ಕ್ರೀನ್‌ಶಾಟ್ ಅದು. ಮ್ಯಾಲ ಅಂಚೆ ಇಲಾಖೆದು ಕೆಂಪು-ಹಳದಿ ಗುರುತು, ಅದರ ಕೆಳಗ ಒಂದು ನಂಬರು. ಅದರ ಕೆಳಗ ಇಂಗ್ಲಿಷಿನ್ಯಾಗ, ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದದ, ಎರಡು ಸಲ ತಲಪಸಲಿಕ್ಕೆ ನೋಡಿದ್ವಿ, ವಿಳಾಸ ಪೂರ್ತಿ ಇಲ್ಲ, 24 ತಾಸಿನ್ಯಾಗ ಸರಿ ಮಾಡ್ರಿ, ಇಲ್ಲಂದ್ರ ವಾಪಸ್ ಹೋಗ್ತದ, ಮತ್ತ ತಂದು ಕೊಡಲಿಕ್ಕೆ 25 ರೂಪಾಯಿ ಕಟ್ಟರಿ ಅಂತ ಇತ್ತು. ಫೋಟೋದ ಕೆಳಗ ವೈನಿ ಬರದಿದ್ರು: "ಇದು ಖರೇ ಏನವಾ? 25 ರೂಪಾಯಿ ಅಷ್ಟ ಅಲ್ಲೇನು, ಕಟ್ಟಿಬಿಡ್ಲಿ?"

ಇವತ್ತ ನಾ ಹೇಳಬೇಕಂದಿದ್ದು ಆ "ಅಷ್ಟ ಅಲ್ಲೇನು" ಅನ್ನೂದರ ಬಗ್ಗೆ. ನಾವು ಹೆಣ್ಮಕ್ಕಳು ದೊಡ್ಡ ಖರ್ಚಿಗೆ ಹತ್ತು ಸಲ ವಿಚಾರ ಮಾಡ್ತೀವಿ, ಸಣ್ಣ ಖರ್ಚಿಗೆ ಒಂದು ಸಲಾನೂ ಮಾಡೂದಿಲ್ಲ. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಶಿ ಮಾಡಿದ್ರೂ, ಎದುರಿಗೆ ಯಾರೂ ಇಲ್ಲದ ಕಡೆ, "ಹೋಗಲಿ ಬಿಡು" ಅಂತ ಕಟ್ಟಿಬಿಡ್ತೀವಿ. ಇದನ್ನ ಮಾಡಿದವರಿಗೆ ಅದು ಗೊತ್ತದ. 2,500 ಕೇಳಿದ್ರ ವೈನಿ ಅಣ್ಣನ್ನ ಕೇಳ್ತಿದ್ರು. 25 ಕೇಳಿದ್ದಕ್ಕ ಕೇಳಲಿಲ್ಲ. ಆ 25 ರೂಪಾಯಿ ಅವರಿಗೆ ಬೇಕಾಗೇ ಇಲ್ಲ. ಅವರಿಗೆ ಬೇಕಾಗಿದ್ದು ಆ 25 ಕಟ್ಟಲಿಕ್ಕೆ ನೀವು ತುಂಬೋ ಕಾರ್ಡಿನ ನಂಬರು.

ಅದನ್ನ ನಾ ಆ ಕ್ಷಣಕ್ಕ ತಿಳಕೊಂಡೆ ಅಂತ ಹೇಳಿದ್ರ ಸುಳ್ಳಾಗ್ತದ. ನನಗೂ ಆ ಪೇಜು ಖರೇನ ಅನಸ್ತು. ಅಷ್ಟು ಛಂದ ಮಾಡಿದ್ರು. ನನ್ನ ಮಗಾ ಯಾವಾಗ್ಲೂ "ಅಮ್ಮಾ, ಸ್ಪೆಲ್ಲಿಂಗ್ ತಪ್ಪಿದ್ರ ಮೋಸ ಅಂತ ತಿಳಕೋ" ಅಂತಿರ್ತಾನ. ಕನ್ನಡಕ ಹಾಕ್ಕೊಂಡು ಅಕ್ಷರ ಅಕ್ಷರ ಓದಿದೆ, ಒಂದೂ ತಪ್ಪಿರಲಿಲ್ಲ. ನಾ ಪಿಯುಸಿ ತನಕಾ ಓದೀನಿ, ಇಂಗ್ಲಿಷ್ ಮೆಲ್ಲಕ ಓದಿದ್ರ ತಿಳೀತದ. ಆದ್ರ ತಪ್ಪು ಹುಡುಕೂ ಕೆಲಸ ಈಗ ಉಪಯೋಗ ಇಲ್ಲ ಅಂತ ಅವತ್ತ ನನಗ ಗೊತ್ತಾತು. ಖರೇ ಪೇಜಿಂದು ಗುರುತು, ಬಣ್ಣ, ಅಕ್ಷರ ಎಲ್ಲಾ ಹಂಗ ಹಂಗ ಎತ್ತಿ ತಮ್ಮ ಪೇಜಿಗೆ ಅಂಟಿಸ್ಕೋಬಹುದು. ಹಂಗಾಗಿ ಪೇಜು ಎಷ್ಟು ಛಂದ ಅದ ಅನ್ನೂದು ಖರೇತನಕ್ಕ ಸಾಕ್ಷಿ ಅಲ್ಲ.

ವೈನಿಗೆ ಫೋನ್ ಮಾಡಿದೆ. "ವೈನಿ, ಏನೂ ಒತ್ತಬ್ಯಾಡ್ರಿ, ಇಬ್ರೂ ಕೂಡಿ ನೋಡೋಣು" ಅಂದೆ. ಅವರು "ಹೂಂ" ಅಂದ್ರು. ಆ "ಹೂಂ" ಸ್ವಲ್ಪ ಸಣ್ಣದಾಗಿ ಬಂತು, ಆದ್ರ ನಾ ಅವಾಗ ಲಕ್ಷ್ಯ ಕೊಡಲಿಲ್ಲ.

ಮೊದಲ ಕೇಳಿದ್ದು, ಈ ಫೋಟೋದ ಮ್ಯಾಲಿನ ಭಾಗ ಎಲ್ಲೆ ಹೋತು ಅಂತ. ಯಾವ ಪೇಜು ತಗದ್ರೂ ಸಾಮಾನ್ಯವಾಗಿ ಫೋನಿನ ಮ್ಯಾಲ ಒಂದು ಉದ್ದ ಪಟ್ಟಿಯೊಳಗ ಆ ಪೇಜಿನ ವಿಳಾಸ ಬರೆದಿರ್ತದ. ವೈನಿ ಸ್ವಚ್ಛ ಕಾಣಲಿ ಅಂತ ಅದನ್ನ ಕತ್ತರಿಸಿ ಕಳಿಸಿದ್ರು. ಎಲ್ಲಾ ಬಿಟ್ಟು ಬೇಕಾಗಿದ್ದನ್ನ ಕತ್ತರಿಸ್ಯಾರ! ಆ ಪಟ್ಟಿ ಇಲ್ಲದ ಸ್ಕ್ರೀನ್‌ಶಾಟ್ ಅಂದ್ರ ಮುಖಾ ಇಲ್ಲದ ಫೋಟೋ ಇದ್ದಂಗ. ಅದನ್ನ ನೋಡಿ ಖರೆ-ಸುಳ್ಳ ಹೇಳಲಿಕ್ಕೆ ಯಾರಿಗೂ ಆಗೂದಿಲ್ಲ. "ಪೂರ್ತಿ ತಗದು ಕಳಿಸ್ರಿ, ಮತ್ತ ಮೊದಲ ಬಂದ ಮೆಸೇಜಿಂದೂ ಒಂದು ಕಳಿಸ್ರಿ" ಅಂದೆ. ಎರಡೂ ಬಂದ್ವು.

ಪಟ್ಟಿಯೊಳಗ ಹಿಂಗ ಇತ್ತು:

`indiapost.gov.in-qvkz.top/in`

ವೈನಿ ಅಂದ್ರು, "ನೋಡಲ್ಲೆ, ಇಂಡಿಯಾ ಪೋಸ್ಟ್ ಅಂತನೂ ಅದ, ಗೌ ಅಂತನೂ ಅದ, ಅಂದ ಮ್ಯಾಲ ಸರಕಾರದ್ದ ಅಲ್ಲಾ?"

ಇಲ್ಲೆ ಸ್ವಲ್ಪ ನಿಧಾನ ಓದ್ರಿ, ಯಾಕಂದ್ರ ಎಲ್ಲಾರೂ ಬೀಳೂದು ಇಲ್ಲೇ. ನಾವು ಲಕೋಟಿ ಮ್ಯಾಲ ವಿಳಾಸ ಬರೀಬೇಕಾದ್ರ ಮೊದಲ ಹೆಸರು, ಆಮ್ಯಾಲ ಓಣಿ, ಕಡೀಕ ಊರು ಬರೀತೀವಿ. ಕಾಗದ ಯಾವ ಊರಿಗೆ ಹೋಗಬೇಕು ಅನ್ನೂದನ್ನ ಹೇಳೂದು ಕಡೀ ಸಾಲು. "ಧಾರವಾಡ ರಸ್ತೆ, ಬೆಳಗಾವಿ" ಅಂತ ಬರದ್ರ ಆ ಕಾಗದ ಧಾರವಾಡಕ್ಕ ಬರೂದಿಲ್ಲ, ಬೆಳಗಾವಿಗೆ ಹೋಗ್ತದ. ಪೇಜಿನ ವಿಳಾಸಾನೂ ಹಂಗ. ಮೊದಲನೇ ಅಡ್ಡಗೆರಿ, ಅಂದ್ರ ಈ `/` ಗುರುತು ಎಲ್ಲೆ ಬರ್ತದ ನೋಡ್ರಿ. (ಶುರುವಿನ್ಯಾಗ `https://` ಅಂತ ಇದ್ರ ಅದರಾಗಿನ ಗೆರಿ ಲೆಕ್ಕಕ್ಕ ತಗೋಬ್ಯಾಡ್ರಿ.) ಆ ಅಡ್ಡಗೆರಿಯಿಂದ ಹಿಂದಕ್ಕ ಓದ್ಕೋತ ಬರ್ರಿ. ವೈನಿಯ ಪೇಜಿನ್ಯಾಗ ಅಡ್ಡಗೆರಿಗೆ ಹತ್ತಿದ್ದು `.top`, ಅದರ ಹಿಂದ `in-qvkz`. ಆ ಪೇಜಿನ ಊರು ಅದು. ಮುಂದಿನ `indiapost.gov.` ಅನ್ನೂದು ಓಣಿಯ ಹೆಸರು ಇದ್ದಂಗ. ತಮ್ಮ ಊರಾಗ ಓಣಿಗೆ ಯಾರು ಏನ ಹೆಸರು ಬೇಕಾದ್ರೂ ಇಡಬಹುದು.

ಖರೇ ಅಂಚೆ ಇಲಾಖೆದು `indiapost.gov.in`. ಅದರಾಗ `gov.in` ಅನ್ನೂದರ ಆಮ್ಯಾಲ ಸೀದಾ ಅಡ್ಡಗೆರಿ ಬರಬೇಕು, ಇಲ್ಲಾ ವಿಳಾಸ ಅಲ್ಲಿಗೇ ಮುಗೀಬೇಕು. ನಡುವ ಒಂದು ಸಣ್ಣ ಗೆರಿ ಬಂದ್ರೂ, ಒಂದು ಚುಕ್ಕಿ ಬಂದ್ರೂ ಅದು ಬ್ಯಾರೆ ಊರು. `gov.in` ಅನ್ನೂದನ್ನ ಸರಕಾರದ ಕಚೇರಿಗೆ ಅಷ್ಟ ಕೊಡ್ತಾರ, ಆದ್ರ `.top` ಅಂಥಾದ್ದನ್ನ ಯಾರು ಬೇಕಾದ್ರೂ ಸ್ವಲ್ಪ ರೊಕ್ಕ ಕೊಟ್ಟು ತಗೋಬಹುದು. ಕೆಲವು ಫೋನಿನ್ಯಾಗ ಪಟ್ಟಿಯೊಳಗ ಒಂದು ಕೀಲಿ ಚಿತ್ರ ಇರ್ತದಲ್ಲ, ಅದನ್ನ ನೋಡಿನೂ ಮೋಸ ಹೋಗಬ್ಯಾಡ್ರಿ. ನಡುವ ಯಾರೂ ಕದ್ದು ಓದೂದಿಲ್ಲ ಅಂತ ಅಷ್ಟ ಅದರ ಅರ್ಥ. ಆ ಕಡೆ ಕೂತಂವ ಸಾವಕಾರನೋ ಕಳ್ಳನೋ ಅನ್ನೂದನ್ನ ಅದು ಹೇಳೂದಿಲ್ಲ.

ಎರಡನೇದು ಮೆಸೇಜು. ಅದು `+63` ಅಂತ ಶುರು ಆಗೋ ನಂಬರಿನಿಂದ ಬಂದಿತ್ತು. ನಮ್ಮ ದೇಶದ್ದು `+91`. 63 ಅಂದ್ರ ಫಿಲಿಪೀನ್ಸ್ ದೇಶದ್ದು. ನಮ್ಮ ಬ್ಯಾಂಕು, ಗ್ಯಾಸಿನವರು, ಸರಕಾರಿ ಕಚೇರಿ ಇವರ ಮೆಸೇಜು ನಿಮ್ಮ ಫೋನಿನ್ಯಾಗ ತಗದು ನೋಡ್ರಿ, ಅಕ್ಷರದ ಹೆಸರಿನಿಂದ ಬಂದಿರ್ತಾವ, ಹತ್ತು ಅಂಕಿ ಮೊಬೈಲ್ ನಂಬರಿನಿಂದ ಅಲ್ಲ. ಗದಗಿನ ಅಂಚೆ ಕಚೇರಿಯವರು ಗದಗಿನ ಮನಿಗೆ ಪಾರ್ಸೆಲ್ ಕೊಡಲಿಕ್ಕೆ ಫಿಲಿಪೀನ್ಸಿನಿಂದ ಯಾಕ ಮೆಸೇಜ್ ಹಾಕ್ತಾರ? ಹಂಗಂತ ಮೆಸೇಜು 91ರಿಂದ ಬಂದ್ರ ಖರೇ ಅಂತ ಏನೂ ಇಲ್ಲ. ನಮ್ಮ ದೇಶದ ಸಿಮ್ ಹಿಡಕೊಂಡು ಮೋಸ ಮಾಡವರೂ ಇದ್ದಾರ.

ಇಷ್ಟು ಆದ ಮ್ಯಾಲೂ ವೈನಿ ಒಪ್ಪಲಿಲ್ಲ. ಅವರು ಹೇಳಿದ್ದರಾಗೂ ಅರ್ಥ ಇತ್ತು. "ಆದ್ರ ನನಗ ಖರೇನ ಪಾರ್ಸೆಲ್ ಬರೂದದ ಅಲಾ? ಪುಣೆದಿಂದ ಮಗಳು ಮೊಣಕಾಲಿಗೆ ಕಟ್ಟೂ ಪಟ್ಟಿ ಕಳಿಸ್ಯಾಳ. ಅವರಿಗೆ ಹೆಂಗ ಗೊತ್ತಾತು?"

ಅವರಿಗೆ ಗೊತ್ತೇ ಆಗಿರಲಿಲ್ಲ. ಇಂಥಾ ಮೆಸೇಜು ಒಬ್ಬರಿಗೆ ಅಂತ ಕಳಸೂದಿಲ್ಲ, ರಾಶಿ ರಾಶಿ ನಂಬರಿಗೆ ಒಮ್ಮೆಲೇ ಕಳಸ್ತಾರ. ಈಗಿನ ಕಾಲದಾಗ ಯಾರ ಮನಿಗೆ ಪಾರ್ಸೆಲ್ ಬರೂದಿಲ್ಲ? ನೂರು ಮಂದಿಗೆ ಹೋದ್ರ ಹತ್ತಿಪ್ಪತ್ತು ಮಂದಿ ಅವತ್ತ ಏನರ ಒಂದರ ಹಾದಿ ಕಾಯ್ತಿರ್ತಾರ. ಉಳಿದವರು "ಇದೇನಿದು" ಅಂತ ಅಳಿಸಿ ಹಾಕ್ತಾರ. ಹಾದಿ ಕಾಯೋರು ಮಾತ್ರ "ಅಯ್ಯ, ನಂದ" ಅಂತ ಒತ್ತತಾರ. ಕವಡಿ ಶಾಸ್ತ್ರದವನು "ನಿಮ್ಮ ಮನ್ಯಾಗ ಯಾರಿಗೋ ಕಾಲ ಬ್ಯಾನಿ ಅದ" ಅಂದಂಗ ಇದು. ಯಾರ ಮನ್ಯಾಗ ಇರೂದಿಲ್ಲ?

ಹಂಗಾದ್ರ ಪಾರ್ಸೆಲ್ ನಿಜವಾಗಿ ಎಲ್ಲದ ಅಂತ ತಿಳಕೊಳ್ಳೂದು ಹೆಂಗ? ಆ ಪೇಜಿನ್ಯಾಗ ಅಂತೂ ಅಲ್ಲ. ಕಳಿಸಿದವರನ್ನ ಕೇಳಬೇಕು. ವೈನಿ ಮಗಳಿಗೆ ಫೋನ್ ಹಚ್ಚಿದ್ರು. ಆಕಿ ಆಫೀಸಿನ್ಯಾಗ ಇದ್ರೂ ಎತ್ತಿದ್ಲು. "ಅವ್ವಾ, ನಾ ಅಂಚಿಂದ ಕಳಿಸೇ ಇಲ್ಲ, ಖಾಸಗಿ ಕೊರಿಯರದ್ದು. ನಂಬರ್ ನನ್ನ ಹತ್ರ ಅದ, ನಾಳೆ ಬರ್ತದ, ರೊಕ್ಕ ಎಲ್ಲಾ ಕೊಟ್ಟಾಗೇದ" ಅಂದ್ಲು. ಎರಡು ನಿಮಿಷದ ಮಾತು. ನಾವಿಬ್ರೂ ಅರ್ಧಾ ತಾಸು ಫೋಟೋ ನೋಡಿ ತಲಿ ಕೆಡಿಸ್ಕೊಂಡಿದ್ದಕ್ಕಿಂತ ಆ ಎರಡು ನಿಮಿಷ ಹೆಚ್ಚಿಗಿ ಹೇಳ್ತು. ಅಂಚೆಯಿಂದ ಏನೂ ಬರೂದೇ ಇಲ್ಲ ಅಂದ ಮ್ಯಾಲ ಅಂಚೆಯ ಹೆಸರಿನ್ಯಾಗ ಮರು-ಬಟವಾಡೆಗೆ ರೊಕ್ಕ ಎಲ್ಲಿಂದ?

ಅದಕ್ಕ ನನ್ನ ಅಭಿಪ್ರಾಯ ಏನಂದ್ರ, ಪೇಜು ಖರೇ ಏನು ಸುಳ್ಳೇನು ಅಂತ ಪೇಜನ್ನ ನೋಡಿ ತೀರ್ಮಾನ ಮಾಡಲಿಕ್ಕೆ ಹೋಗಬ್ಯಾಡ್ರಿ. ಪೇಜಿನ ಹೊರಗ ಹೋಗಿ ಕೇಳ್ರಿ. ಯಾವ ಪಾರ್ಸೆಲ್ಲು, ಯಾರು ಕಳಿಸಿದ್ದು, ಯಾವ ಕೊರಿಯರು, ನಂಬರ್ ಏನು? ಈ ನಾಲ್ಕಕ್ಕ ಉತ್ತರ ಕೊಡೋರು ನಿಮ್ಮ ಮಗಳು, ತಮ್ಮ, ಇಲ್ಲಾ ನೀವು ಆರ್ಡರ್ ಹಾಕಿದ ಅಂಗಡಿಯ ಆ್ಯಪು. ಅವರು ಕೊಟ್ಟ ನಂಬರನ್ನ, ಕೊರಿಯರಿನ ಸ್ವಂತ ಪೇಜಿನ್ಯಾಗ, ನಿಮ್ಮ ಕೈಯಾರೆ ವಿಳಾಸ ಬರದು ತಗದು ನೋಡ್ರಿ. ಮೆಸೇಜಿನಾಗಿನ ಲಿಂಕ್ ಒತ್ತಿ ಹೋಗಿ ನೋಡಿದ್ರ ಕಳ್ಳನ ಮನಿಗೆ ಹೋಗಿ ಕಳ್ಳನ್ನ ಕೇಳಿದಂಗ. ಗೂಗಲಿನ್ಯಾಗ "ಕಸ್ಟಮರ್ ಕೇರ್ ನಂಬರ್" ಅಂತ ಹುಡುಕಿ ಮೊದಲ ಸಿಕ್ಕದ್ದಕ್ಕ ಫೋನ್ ಹಚ್ಚೂದೂ ಬ್ಯಾಡ, ಅಲ್ಲೂ ಅವರ ನಂಬರ್ ಹಾಕಿ ಕೂತಿರ್ತಾರ.

ನಂಬರಿನ ಬಗ್ಗೆ ಒಂದು ಮಾತು. ಅಂಚೆಯ ಸ್ಪೀಡ್ ಪೋಸ್ಟಿನ ನಂಬರು 13 ಅಕ್ಷರ ಇರ್ತದ. ಮೊದಲ ಎರಡು ಇಂಗ್ಲಿಷ್ ಅಕ್ಷರ, ನಡುವ ಒಂಬತ್ತು ಅಂಕಿ, ಕಡೀಕ `IN`. ರಸೀದಿ ಇದ್ರ ತಗದು ಎಣಿಸಿ ನೋಡ್ರಿ. ವೈನಿಯ ಪೇಜಿನ್ಯಾಗ ಇದ್ದದ್ದು ಬರೇ ಒಂಬತ್ತು ಅಕ್ಷರ. ಲೆಕ್ಕ ತಪ್ಪಿದ್ರ ಸುಳ್ಳು ಅಂತ ಹೇಳಬಹುದು. ಲೆಕ್ಕ ಸರಿ ಇದ್ರ ಖರೇ ಅಂತ ಹೇಳಲಿಕ್ಕೆ ಬರೂದಿಲ್ಲ, ಯಾಕಂದ್ರ ಯಾರದೋ ಖರೇ ನಂಬರನ್ನೂ ಹಾಕಬಹುದು.

ಈಗ ನೀವು ಕೇಳಬಹುದು, ಹಂಗಾದ್ರ ಪಾರ್ಸೆಲ್ಲಿಗೆ ರೊಕ್ಕ ಕೇಳೂದೇ ಎಲ್ಲಾ ಮೋಸ ಏನು ಅಂತ. ಅಲ್ಲ. ನನ್ನ ಮಗನ ಮಾತು ನನಗ ಸೇರದೇ ಇರೂದು ಇಲ್ಲೇ. "ಅಮ್ಮಾ, ಯಾವದಕ್ಕೂ ರೊಕ್ಕ ಕಟ್ಟಬ್ಯಾಡ, ಏನೂ ಒತ್ತಬ್ಯಾಡ" ಅಂದುಬಿಡ್ತಾನ. ಹಂಗ ಬದುಕಲಿಕ್ಕೆ ಆಗೂದಿಲ್ಲ. ಖರೇನೂ ರೊಕ್ಕ ಕೊಡೋ ಪ್ರಸಂಗ ಇರ್ತಾವ. ಸಾಮಾನು ಬಂದ ಮ್ಯಾಲ ರೊಕ್ಕ ಕೊಡೂ ಕ್ಯಾಶ್ ಆನ್ ಡೆಲಿವರಿ ಇರ್ತದ. ಅಂಚೆಯೊಳಗ ಹಳೇ ಕಾಲದಿಂದ ವಿಪಿಪಿ ಅಂತ ಅದ, ನಮ್ಮ ಅಪ್ಪ ಪುಸ್ತಕ ತರಸ್ತಿದ್ರು. ಅಮೇರಿಕಾದಿಂದ ಮಕ್ಕಳು ಏನರ ಕಳಿಸಿದ್ರ ಅದಕ್ಕ ಕಸ್ಟಮ್ಸ್ ಸುಂಕ ಬೀಳಬಹುದು. ಅಂಚೆಯಿಂದ ಬಂದ್ರ ಆ ಸುಂಕಾ ಪಾರ್ಸೆಲ್ ಕೊಡೂ ಮುಂದ ಅಂಚೆಯವರೇ ತಗೋತಾರ. ಖಾಸಗಿ ಕೊರಿಯರಿನಿಂದ ಬಂದ್ರ ಕೆಲವು ಸಲ ಅವರು ಆನ್‌ಲೈನಿನ್ಯಾಗ ಕಟ್ಟರಿ ಅಂತ ಖರೇನ ಮೆಸೇಜ್ ಹಾಕ್ತಾರ. ಆವಾಗ ಸ್ಕ್ರೀನ್‌ಶಾಟ್ ನೋಡಿ "ಮೋಸ, ಮೋಸ" ಅಂತ ಕೂತ್ರ ಪಾರ್ಸೆಲ್ ವಾಪಸ್ ಹೋಗ್ತದ. ಅಂಥಾದ್ದಕ್ಕೂ ಮ್ಯಾಲಿನ ದಾರಿನ. ಕಳಿಸಿದವರ ಹತ್ರ ನಂಬರ್ ಇಸ್ಕೊಂಡು, ಕೊರಿಯರಿನ ಸ್ವಂತ ಪೇಜಿನ್ಯಾಗ ಹಾಕಿ, ಅಲ್ಲೂ ಸುಂಕ ಬಾಕಿ ಅಂತ ತೋರಿಸ್ತಂದ್ರ ಅಲ್ಲೇ ಕಟ್ಟರಿ.

ಆದ್ರ "ಮನಿಗೆ ಬಂದಿದ್ವಿ, ಬಾಗಲಾ ಹಾಕಿತ್ತು, ಮತ್ತ ಬರಬೇಕಾದ್ರ ರೊಕ್ಕ" ಅನ್ನೂದು ಅಂಚೆ ಕಚೇರಿಯ ರೀತಿ ಅಲ್ಲ. ಪೋಸ್ಟಮನ್ ಬಂದಾಗ ಬಾಗಲಾ ಹಾಕಿತ್ತಂದ್ರ ಚೀಟಿ ಬಿಟ್ಟು ಹೋಗ್ತಾನ, ಪಾರ್ಸೆಲ್ಲು ಕಚೇರಿಯೊಳಗ ಸಾಮಾನ್ಯವಾಗಿ 7 ದಿನಾ ಇರ್ತದ, ಗುರುತಿನ ಚೀಟಿ ತಗೊಂಡು ಹೋದ್ರ ಕೊಡ್ತಾರ. ವಿಳಾಸ ಸರಿ ಮಾಡ್ರಿ ಅಂತ ಲಿಂಕ್ ಕೊಟ್ಟು ಬರೋ ಈ ಮೆಸೇಜು ಸುಳ್ಳು, ಅಂಚೆ ಇಲಾಖೆ ಇಂಥಾದ್ದು ಕಳಸೂದಿಲ್ಲ ಅಂತ ಕೇಂದ್ರ ಸರಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರು 2024ರಾಗೇ ಹೇಳ್ಯಾರ. ನಿಮಗ ಅನುಮಾನ ಇದ್ರ ಓಣಿಗೆ ಬರೋ ಪೋಸ್ಟಮನ್‌ನ ಕೇಳ್ರಿ. ಅವನಿಗಿಂತ ದೊಡ್ಡ ಸಾಕ್ಷಿ ಯಾರಿದ್ದಾರ?

ಇಷ್ಟೆಲ್ಲಾ ಹೇಳಿ, "ಆತಲಾ ವೈನಿ, ಅಳಿಸಿ ಹಾಕ್ರಿ" ಅಂತ ಫೋನ್ ಇಡಲಿಕ್ಕೆ ಹೊಂಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತ ಇಲ್ಲ. ಆಮ್ಯಾಲ ಮೆಲ್ಲಕ, "ಒಂದು ಮಾತು ಹೇಳ್ತೀನಿ, ನಿಮ್ಮ ಅಣ್ಣಗ ಹೇಳಬ್ಯಾಡ" ಅಂದ್ರು. ನನ್ನ ಎದಿ ಧಸಕ್ ಅಂತು.

ನನಗ ಕೇಳೂ ಮೊದಲ ಅವರು ಕಾರ್ಡಿನ ನಂಬರ್ ತುಂಬಿಬಿಟ್ಟಿದ್ರು. ಹೆಸರು, ಕಾರ್ಡಿನ 16 ಅಂಕಿ, ಮುಗಿಯೂ ತಿಂಗಳು, ಹಿಂದಿನ 3 ಅಂಕಿ, ಎಲ್ಲಾ. ಆಮ್ಯಾಲ ಪೇಜು "ವಿಳಾಸ ಖಾತ್ರಿ ಮಾಡಲಿಕ್ಕೆ ನಿಮ್ಮ ಫೋನಿಗೆ ಬಂದ ಓಟಿಪಿ ಹಾಕ್ರಿ" ಅಂತ ಕೇಳ್ತು. ಬ್ಯಾಂಕಿನಿಂದ ಓಟಿಪಿ ಬಂತು. ವೈನಿ ಅಲ್ಲೆ ನಿಂತ್ರು. ಯಾಕೋ ಮನಸ್ಸಿಗೆ ಸರಿ ಅನಸಲಿಲ್ಲಂತ. ವಾಪಸ್ ಮೊದಲಿನ ಪೇಜಿಗೆ ಹೋಗಿ, ಅದರ ಫೋಟೋ ತಗದು ನನಗ ಕಳಿಸಿದ್ರು.

"ಓಟಿಪಿ ಬಂದ ಮೆಸೇಜು ಓದ್ರಿ ವೈನಿ" ಅಂದೆ. ಓದಿದ್ರು. ಅದರಾಗ 25 ರೂಪಾಯಿ ಇರಲಿಲ್ಲ. 18,640 ರೂಪಾಯಿ ಅಂತ ಇತ್ತು, ಯಾವುದೋ ಗೊತ್ತಿಲ್ಲದ ಅಂಗಡಿಯ ಹೆಸರು ಇತ್ತು.

ಇಡೀ ಮೋಸದ ಗುಟ್ಟು ಆ ಒಂದು ಮೆಸೇಜಿನ್ಯಾಗ ಇತ್ತು ನೋಡ್ರಿ. ಪೇಜಿನ ಮ್ಯಾಲ 25 ಅಂತ ಬರದಿದ್ದು ನಮಗ ತೋರಸಲಿಕ್ಕೆ. ನಾವು ಈ ಕಡೆ ನಂಬರ್ ತುಂಬಿದ್ದನ್ನ ಆ ಕಡೆ ಕೂತಂವ ಬ್ಯಾರೆ ಎಲ್ಲೋ ಹಾಕಿ 18,640ರ ಸಾಮಾನು ಖರೀದಿ ಮಾಡ್ತಿದ್ದ. ಆ ಖರೀದಿಗೆ ಬ್ಯಾಂಕಿನವರು ವೈನಿಗೆ ಓಟಿಪಿ ಕಳಿಸಿದ್ರು. ಪೇಜು ನಮಗ ಎಷ್ಟು ಬೇಕಾದ್ರೂ ಸುಳ್ಳು ಹೇಳಬಹುದು, ಆದ್ರ ಬ್ಯಾಂಕಿನ ಓಟಿಪಿ ಮೆಸೇಜಿನ್ಯಾಗ ಎಷ್ಟು ರೂಪಾಯಿ, ಯಾರಿಗೆ ಅನ್ನೂದು ಇರ್ತದ. ನಾವು ಅದರಾಗ ಆರು ಅಂಕಿ ಅಷ್ಟ ನೋಡ್ತೀವಿ, ಉಳಿದದ್ದು ಓದೂದಿಲ್ಲ. ಇನ್ನ ಮ್ಯಾಲ ದಯಮಾಡಿ ಅಂಕಿ ಬಿಟ್ಟು ಮೊದಲ ಆ ಸಾಲು ಓದ್ರಿ.

"ಓಟಿಪಿ ಹಾಕಿಲ್ಲ ಅಲಾ, ಮತ್ತ್ಯಾಕ ಚಿಂತಿ?" ಅಂತ ವೈನಿ ಅಂದ್ರು. ಚಿಂತಿ ಅದ. ನಮ್ಮ ದೇಶದ ಅಂಗಡಿಗೆ ಕಾರ್ಡಿನಿಂದ ಆನ್‌ಲೈನ್ ರೊಕ್ಕ ಹೋಗಬೇಕಾದ್ರ ಸಾಮಾನ್ಯವಾಗಿ ಓಟಿಪಿ ಬೇಕು. ಪರದೇಶದ ಕೆಲವು ಅಂಗಡಿಯೊಳಗ ಕಾರ್ಡಿನ ನಂಬರು, ತಿಂಗಳು, ಹಿಂದಿನ 3 ಅಂಕಿ ಇದ್ರ ಓಟಿಪಿ ಇಲ್ಲದನೂ ರೊಕ್ಕ ಹೋಗಬಹುದು. ನಿಮ್ಮ ಕಾರ್ಡಿಗೆ ಪರದೇಶದ ವ್ಯವಹಾರ ಚಾಲೂ ಇದ್ರ ಹೋದಂಗ. ಅಂಕಿ ಕೊಟ್ಟಾತು ಅಂದ್ರ ಆ ಕಾರ್ಡು ಇನ್ನ ನಿಮ್ಮದಲ್ಲ ಅಂತನ ತಿಳೀಬೇಕು.

ಅದಕ್ಕ ಅವತ್ತೇ ಕಾರ್ಡ್ ಬಂದ್ ಮಾಡಿಸಿದ್ವಿ. ಕಾರ್ಡಿನ ಹಿಂದ ಛಾಪಿಸಿದ ಬ್ಯಾಂಕಿನ ನಂಬರಿಗೆ ವೈನಿ ಫೋನ್ ಹಚ್ಚಿದ್ರು. ಅದು ಒಂದು ಒತ್ತು, ಎರಡು ಒತ್ತು ಅಂತ ಹೇಳ್ಕೋತ ಹತ್ತು ನಿಮಿಷ ತಗೊಂಡ್ತು, ಕಾರ್ಡ್ ಬಂದ್ ಆತು, ದೂರಿನ ನಂಬರ್ ಕೊಟ್ರು, ಬರದು ಇಟ್ಕೊಂಡ್ರು. ಹೊಸಾ ಕಾರ್ಡ್ ಬರಲಿಕ್ಕೆ ಒಂದು ವಾರ ಹಿಡೀತು. ರೊಕ್ಕ ಒಂದು ಪೈಸಾನೂ ಹೋಗಲಿಲ್ಲ.

ಬ್ಯಾಂಕಿಗೆ ಯಾಕ ಅಷ್ಟು ಲಗೂ ಹೇಳಬೇಕು ಅಂದ್ರ, ಅದಕ್ಕ ಒಂದು ನಿಯಮ ಅದ. ರಿಸರ್ವ್ ಬ್ಯಾಂಕು 2017ರಾಗ ಹೊರಡಿಸಿದ ಸುತ್ತೋಲೆ ಪ್ರಕಾರ, ನಾವೇ ನಮ್ಮ ಅಂಕಿ-ಓಟಿಪಿ ಕೊಟ್ಟು ರೊಕ್ಕ ಕಳಕೊಂಡ್ರ, ಬ್ಯಾಂಕಿಗೆ ತಿಳಸೂ ತನಕಾ ಹೋದ ರೊಕ್ಕ ನಮ್ಮ ತಲಿ ಮ್ಯಾಲ. ತಿಳಿಸಿದ ಮ್ಯಾಲ ಹೋದದ್ದು ಬ್ಯಾಂಕಿನ ತಲಿ ಮ್ಯಾಲ. ಅಂದ್ರ "ಸಂಜೀಕ ಹೇಳಿದ್ರಾತು, ನಾಳೆ ನೋಡೋಣು" ಅಂತ ಕೂತ ಒಂದೊಂದು ತಾಸೂ ನಮ್ಮ ಲೆಕ್ಕಕ್ಕ ಬರ್ತದ. ರೊಕ್ಕ ಹೋಗೇಬಿಟ್ಟಿದ್ರ ಬ್ಯಾಂಕಿನ ಜೋಡಿ 1930 ನಂಬರಿಗೂ ಫೋನ್ ಹಚ್ಚಬೇಕು, ಇಲ್ಲಾ `cybercrime.gov.in` ಒಳಗ ಬರೀಬೇಕು. ಲಗೂ ಹೇಳಿದ್ರ ರೊಕ್ಕ ಮುಂದ ಮುಂದ ಸಾಗಿ ಹೋಗೂ ಮೊದಲ ತಡೀಲಿಕ್ಕೆ ನೋಡ್ತಾರ. ವೈನಿಯಂಗ ರೊಕ್ಕ ಹೋಗಿಲ್ಲ, ಬರೇ ಮೆಸೇಜು ಬಂದದ ಅಂದ್ರ `sancharsaathi.gov.in` ಒಳಗ ಚಕ್ಷು ಅಂತ ಅದ, ಅಲ್ಲೆ ಆ ನಂಬರ್ ತಿಳಿಸಬಹುದು. ಆ ಕೆಲಸಾ ನಾನೇ ಮಾಡಿದೆ.

ಈಗ ನನ್ನ ಮನಸ್ಸಿಗೆ ಹತ್ತಿದ ಮಾತು. ವೈನಿ ನನ್ನ ಜೋಡಿ ಮುಕ್ಕಾಲು ತಾಸು ಮಾತಾಡಿದ್ರು, ಆದ್ರ ಕಾರ್ಡ್ ತುಂಬಿದ್ದನ್ನ ಹೇಳಿದ್ದು ಕಡೀಕ. ಅಷ್ಟು ಹೊತ್ತೂ ಆ ಅಂಕಿ ಕಳ್ಳರ ಕೈಯಾಗ ಇದ್ವು. ಯಾಕ ಹೇಳಲಿಲ್ಲ? ಅವರೇ ಅಂದ್ರು: "ನಿಮ್ಮಣ್ಣ ನಗ್ತಾರ. ನಿನಗ ಯಾಕ ಬೇಕು ಫೋನು, ಯಾಕ ಬೇಕು ಕಾರ್ಡು ಅಂತಾರ." ಅಣ್ಣ ಕೆಟ್ಟಂವ ಅಲ್ಲ. ಆದ್ರ ಹೋದ ವರ್ಷ ವೈನಿ ತಪ್ಪಿ ಎರಡು ಸಲ ಕರೆಂಟ್ ಬಿಲ್ ಕಟ್ಟಿದ್ದನ್ನ ಇನ್ನೂ ಬಂದವರ ಮುಂದೆಲ್ಲಾ ಹೇಳಿ ನಗ್ತಾನ. ಅದೂ ಒಂದು ಚ್ಯಾಷ್ಟಿ ಅಂತ ಅವನ ಲೆಕ್ಕ. ಆದ್ರ ಆ ನಗುವಿನಿಂದ ವೈನಿ ಮುಕ್ಕಾಲು ತಾಸು ಬಾಯಿ ಮುಚ್ಚಿ ಕೂತ್ರು. ಕಳ್ಳಗ ಬೇಕಾಗಿದ್ದೂ ಅದ. "24 ತಾಸಿನ್ಯಾಗ" ಅಂತ ಅವಸರಾ ಮಾಡೂದು ಯಾಕ ಅಂತೀರಿ? ನಾವು ಇನ್ನೊಬ್ರನ್ನ ಕೇಳಬಾರದು ಅಂತ.

ಹಂಗಾಗಿ ನಾವು ನಾವೇ ಒಂದು ರೀತಿ ಮಾಡ್ಕೊಂಡೀವಿ. ವೈನಿ, ನಾನು, ನನ್ನ ನಾದಿನಿ, ಎದುರು ಮನಿ ಅಕ್ಕಾರು, ನಾಲ್ಕು ಮಂದಿಯ ಒಂದು ಸಣ್ಣ ಗುಂಪು ಅದ. ಯಾವ ಪೇಜು ರೊಕ್ಕ ಕೇಳಿದ್ರೂ, ಒಂದು ರೂಪಾಯಿ ಕೇಳಿದ್ರೂ, ಅಂಕಿ ತುಂಬೂ ಮೊದಲ ಅದರ ಸ್ಕ್ರೀನ್‌ಶಾಟ್ ಅಲ್ಲೆ ಹಾಕಬೇಕು. ಲಿಂಕ್ ಹಾಕಬಾರದು, ಯಾಕಂದ್ರ ಇನ್ನೊಬ್ರು ತಪ್ಪಿ ಒತ್ತಿಬಿಡ್ತಾರ. ಫೋಟೋ ಒತ್ತಿದ್ರ ಏನೂ ಆಗೂದಿಲ್ಲ. ಮ್ಯಾಲಿನ ಪಟ್ಟಿ ಕತ್ತರಿಸಬಾರದು, ಕಾರ್ಡಿನ ಅಂಕಿ ಕಾಣಸಬಾರದು. ಮನಿಗೆ ಏನರ ಕಳಿಸೋ ಮಕ್ಕಳು ಕೊರಿಯರಿನ ಹೆಸರು, ನಂಬರು ಎರಡೂ ಮೊದಲ ಬರದು ಕಳಸಬೇಕು. ಮತ್ತ ಯಾರು ಏನ ಕೇಳಿದ್ರೂ, ಆಗಲೇ ತುಂಬಿ ಕೂತಿದ್ರೂ, ಯಾರೂ ನಗಬಾರದು. ನಗಬೇಕಂದ್ರ ಕಾರ್ಡ್ ಬಂದ್ ಮಾಡಿಸಿದ ಮ್ಯಾಲ ನಗಲಿ.

ಮರುದಿನಾ ಮೊಣಕಾಲಿನ ಪಟ್ಟಿ ಬಂತು. ಕೊರಿಯರ್ ಹುಡುಗ ಬಾಗಲದಾಗ ನಿಂತು, "ಅಮ್ಮಾರ, ಓಟಿಪಿ ಹೇಳ್ರಿ" ಅಂದ. ವೈನಿ ಗಾಬರಿ ಆಗಿ ಬಾಗಲಾ ಅರ್ಧಾ ಮುಚ್ಚಿ ನನಗ ಫೋನ್ ಹಚ್ಚಿದ್ರು. "ಮೆಸೇಜು ಓದ್ರಿ ವೈನಿ, ರೂಪಾಯಿ ಅಂತ ಎಲ್ಲೆರ ಅದ ಏನು?" ಅಂದೆ. ಇರಲಿಲ್ಲ. ಕೊರಿಯರಿನ ಹೆಸರು, ಮಗಳು ಕೊಟ್ಟ ಅದೇ ನಂಬರು, ಪಾರ್ಸೆಲ್ ಕೈಗೆ ಬಂದಾಗ ಈ ಅಂಕಿ ಹೇಳ್ರಿ ಅಂತ ಅಷ್ಟ ಇತ್ತು. ಪಾರ್ಸೆಲ್ ಕೈಯಾಗ ಇಸ್ಕೊಂಡು, ಮ್ಯಾಲ ಮಗಳ ಹೆಸರು ನೋಡಿ, ಆಮ್ಯಾಲ ಅಂಕಿ ಹೇಳಿದ್ರು. ಹುಡುಗ ಎರಡು ನಿಮಿಷ ಬಿಸಿಲಾಗ ನಿಂತಿದ್ದ, ಪಾಪ. ಅವನಿಗೆ ಮಜ್ಜಿಗಿ ಕೊಟ್ಟು ಕಳಿಸಿದ್ರಂತ.